ಎಂಟು ಗಂಟೆಗೆ ಕೂತರೂ ಒಂದು ದಿನ ತಡ

ಪುಣೆಗೆ ಬಂದ ಹೊಸತರಲ್ಲಿ ಸಂಕ್ರಾಂತಿಗೆ ದಾವಣಗೆರೆಗೆ ಹೋಗಲೆಂದು ಅಲಾರಾಂ ಇಟ್ಟುಕೊಂಡು, ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಸ್ಲೀಪರ್‌ನಲ್ಲಿ ಆಗಲೇ ಉದ್ದದ ವೇಟಿಂಗ್ ಲಿಸ್ಟ್. ಒಂದೇ ಸೆಕೆಂಡಿನಲ್ಲಿ ಹೇಗೆ ಖಾಲಿಯಾಯಿತೆಂದು ರೈಲ್ವೆಯನ್ನು ಮನಸಾರೆ ಬೈದೆ. ತಪ್ಪು ನನ್ನದೇ ಆಗಿತ್ತು. ಆ ರೈಲಿನ ಬುಕಿಂಗ್ ಹಿಂದಿನ ದಿನವೇ ತೆರೆದಿತ್ತು.

ಮುಂಗಡ ಕಾಯ್ದಿರಿಸುವಿಕೆಗೆ ಈಗ 60 ದಿನಗಳ ಅವಧಿಯಿದೆ, ಪ್ರಯಾಣದ ದಿನ ಬಿಟ್ಟು. 2024ರ ನವೆಂಬರ್ 1ರವರೆಗೆ ಅದು 120 ದಿನವಿತ್ತು. ಆದರೆ ಈ 60 ದಿನಗಳನ್ನು ನಾವು ಹತ್ತುವ ದಿನದಿಂದ ಎಣಿಸುವುದಿಲ್ಲ. ರೈಲು ತನ್ನ ಮೊದಲ ನಿಲ್ದಾಣದಿಂದ ಹೊರಡುವ ದಿನದಿಂದ ಎಣಿಸುತ್ತಾರೆ. ಚಾಲುಕ್ಯ ಎಕ್ಸ್‌ಪ್ರೆಸ್ ದಾದರ್ ಬಿಡುವುದು ರಾತ್ರಿ, ಪುಣೆಗೆ ಬರುವುದು ಹನ್ನೆರಡು ದಾಟಿದ ಮೇಲೆ. ಜನವರಿ 14ರ ದಿನಾಂಕದಲ್ಲಿ ಪುಣೆಯಲ್ಲಿ ಹತ್ತುವವನ ರೈಲು 13ರಂದೇ ಹೊರಟಿರುತ್ತದೆ. 13ರಿಂದ 60 ದಿನ ಹಿಂದಕ್ಕೆ ಹೋದರೆ ನವೆಂಬರ್ 14. ನಾನು 14ರಿಂದ ಎಣಿಸುವವನು. ಆ ಲೆಕ್ಕದಲ್ಲಿ ಕೂರುವುದು ನವೆಂಬರ್ 15ಕ್ಕೆ. ಅಷ್ಟರಲ್ಲಿ ದಾದರ್, ಕಲ್ಯಾಣದವರ ಜೊತೆಗೆ, ಲೆಕ್ಕ ಗೊತ್ತಿರುವ ಪುಣೆಯವರೂ ಸೀಟು ಹಿಡಿದಾಗಿರುತ್ತದೆ. ದೆಹಲಿಯಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಮರುದಿನ ದೌಂಡ್‌ನಲ್ಲಿ ಹಿಡಿಯುವವರಿಗೂ ಇದೇ ಲೆಕ್ಕ. ತತ್ಕಾಲ್‌ನ ‘ಒಂದು ದಿನ ಮೊದಲು’ ಕೂಡ ಹೊರಡುವ ನಿಲ್ದಾಣದ ದಿನಕ್ಕೇ ಸೇರಿದ್ದು.

ಇದು ಕಿತಾಪತಿಯಲ್ಲ. ವ್ಯವಸ್ಥೆಯ ಕಣ್ಣಿಗೆ ದಾದರ್‌ನಿಂದ 13ರಂದು ಹೊರಟ ರೈಲು ಒಂದೇ ವಸ್ತು. ಅದೇ ಬರ್ತ್ ದಾದರ್‌ನಿಂದ ಪುಣೆಗೆ ಒಬ್ಬರಿಗೆ, ಪುಣೆಯಿಂದ ಹುಬ್ಬಳ್ಳಿಗೆ ಇನ್ನೊಬ್ಬರಿಗೆ ಹೋಗಬಹುದು. ಒಂದೊಂದು ನಿಲ್ದಾಣಕ್ಕೆ ಒಂದೊಂದು ದಿನ ಬಾಗಿಲು ತೆರೆದರೆ ಲೆಕ್ಕ ಕೂಡಿಬರುವುದಿಲ್ಲ.

ಇನ್ನು ಎಂಟು ಗಂಟೆಯೇ ಏಕೆ? ನಡುರಾತ್ರಿ ತೆರೆದರೆ ಕೌಂಟರ್‌ಗಳು ಮುಚ್ಚಿರುತ್ತವೆ, ಮೊಬೈಲ್ ಇದ್ದವರೇ ಎಲ್ಲ ಬಾಚಿಕೊಳ್ಳುತ್ತಾರೆ. ಮೇಲಾಗಿ ಆನ್‌ಲೈನ್ ಬುಕಿಂಗ್ ಕೂಡ ರಾತ್ರಿ 11.45ರ ಹೊತ್ತಿಗೆ ನಿಂತು, ದಿನ ಬದಲಾದ ಮೇಲೆ ಮತ್ತೆ ತೆರೆಯುತ್ತದೆ. ಎಂಟಕ್ಕೆ ಕೌಂಟರಿನ ಸಾಲಿಗೂ ಮೊಬೈಲಿಗೂ ಒಂದೇ ಗಳಿಗೆಯಲ್ಲಿ ಬಾಗಿಲು ತೆರೆಯುತ್ತದೆ. ದಿನಕ್ಕೊಂದೇ ಹೊಸ ದಿನಾಂಕ ತೆರೆಯುವುದರಿಂದ ಇಡೀ ಹಬ್ಬದ ಸಾಲಿನ ನೂಕುನುಗ್ಗಲು ಒಂದೇ ಬೆಳಿಗ್ಗೆಗೆ ಬೀಳುವುದಿಲ್ಲ. ತತ್ಕಾಲ್‌ನಲ್ಲಿ ಎ.ಸಿ.ಗೆ ಹತ್ತು, ಉಳಿದದ್ದಕ್ಕೆ ಹನ್ನೊಂದು ಎಂದು ಬೇರ್ಪಡಿಸಿರುವುದರಿಂದಲೂ ಹೊರೆ ಹಂಚಿಹೋಗುತ್ತದೆ. 60 ದಿನಕ್ಕೆ ಇಳಿಸಿದ್ದಕ್ಕೂ ರೈಲ್ವೆ ಕಾರಣ ಕೊಟ್ಟಿತ್ತು: 61ರಿಂದ 120 ದಿನ ಮೊದಲು ಮಾಡಿದ ಬುಕಿಂಗ್‌ಗಳಲ್ಲಿ ಸುಮಾರು ಶೇ 21 ರದ್ದಾಗುತ್ತಿದ್ದವು. ನಾಲ್ಕು ತಿಂಗಳ ಮೊದಲೇ ರಜೆ ಮಂಜೂರು ಮಾಡುವ ಮ್ಯಾನೇಜರ್ ನಮ್ಮಲ್ಲಿ ಎಷ್ಟು ಜನರಿಗಿದ್ದಾರೆ?

ಹಾಗಾಗಿ ನಿಗದಿತ ದಿನ, ನಿಗದಿತ ಗಂಟೆಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಗಂಟೆಯ ಮೊದಲ ನಿಮಿಷದ ಬಗ್ಗೆ. ಲಕ್ಷಾಂತರ ಜನ ಒಟ್ಟಿಗೆ ಗುಂಡಿ ಒತ್ತಿದರೂ ಒಂದು ರೈಲಿನ ಬರ್ತ್‌ಗಳನ್ನು ಒಂದಾದ ಮೇಲೊಂದರಂತೆಯೇ ಹಂಚಬೇಕು. ಪರದೆಯ ಮೇಲೆ AVAILABLE ಎಂದು ಕಂಡದ್ದು ಹಣ ಕಟ್ಟಿ ಮುಗಿಸುವಷ್ಟರಲ್ಲಿ WL ಆಗುವುದು ಇದಕ್ಕೇ. ಯಾರ ನೆಟ್ ಚುರುಕು, ಯಾರ ಬ್ಯಾಂಕಿನ ಒಟಿಪಿ ಬೇಗ ಬಂತು ಎಂಬುದರ ಮೇಲೆ ಹಬ್ಬಕ್ಕೆ ಊರಿಗೆ ಹೋಗುವುದು ನಿಂತಿದೆ.

ಮೊದಲ ಹತ್ತು ನಿಮಿಷ ಬೇಡಿಕೆಗಳನ್ನು ಸುಮ್ಮನೆ ಕೂಡಿಟ್ಟು, ಆಮೇಲೆ ಚೀಟಿ ಎತ್ತಿದಂತೆ ಸರದಿ ಹಾಕಬಹುದಲ್ಲ? ಆಗ ಎಂಟು ಗಂಟೆ ಮೂರು ಸೆಕೆಂಡಿಗೆ ಬಂದವನೂ ಎಂಟೂ ಒಂಬತ್ತಕ್ಕೆ ಬಂದ ಅಮ್ಮನೂ ಒಂದೇ. ಒಬ್ಬನೇ ಹತ್ತು ಖಾತೆಯಿಂದ ಹತ್ತು ಚೀಟಿ ಹಾಕಿದರೆ ಎಂಬುದು ಹಳೆಯ ಆಕ್ಷೇಪ. ಆದರೆ 2025ರ ಅಕ್ಟೋಬರ್ 1ರಿಂದ ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲಿ ಆನ್‌ಲೈನ್‌ನಲ್ಲಿ ಆಧಾರ್ ದೃಢೀಕರಿಸಿದವರಿಗೇ ಅವಕಾಶ ಎಂಬ ನಿಯಮ ಬಂದಿದೆ. ಒಂದು ಆಧಾರ್‌ಗೆ ಒಂದೇ ಚೀಟಿ ಎಂದರೆ ಆ ಆಕ್ಷೇಪ ಉಳಿಯುವುದಿಲ್ಲ. ಕೌಂಟರಿನ ಸಾಲಿನಲ್ಲಿರುವವರನ್ನು ಹೇಗೆ ಸೇರಿಸುವುದು ಎಂಬುದೇ ನಿಜವಾದ ತೊಡಕು. ಅವರ ಫಾರಂಗಳನ್ನೂ ಅದೇ ಹತ್ತು ನಿಮಿಷದಲ್ಲಿ ದಾಖಲಿಸಬೇಕಾಗುತ್ತದೆ. ಪ್ರತಿ ಕೌಂಟರಿನಲ್ಲೂ ಅಷ್ಟು ಬೇಗ ಕೈ ಓಡುತ್ತದೆಯೇ ಎಂಬುದು ನನಗೂ ಅನುಮಾನ.

ಅದಕ್ಕೆ ಕಾಲ ಹಿಡಿಯಲಿ. ಆದರೆ ರೈಲು, ಹತ್ತುವ ನಿಲ್ದಾಣ, ದಿನಾಂಕ ತುಂಬಿದ ಕೂಡಲೇ ‘ಈ ರೈಲಿನ ಬುಕಿಂಗ್ ನವೆಂಬರ್ 14, ಬೆಳಿಗ್ಗೆ 8ಕ್ಕೆ’ ಎಂದು ಒಂದು ಸಾಲು ತೋರಿಸುವುದು ಒಂದು ವಾರದ ಕೆಲಸವೂ ಅಲ್ಲ. ಅಲ್ಲಿಯವರೆಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮೊದಲು ವೇಳಾಪಟ್ಟಿ ತೆಗೆದು, ನಿಮ್ಮ ನಿಲ್ದಾಣದ ಎದುರು ಎಷ್ಟನೇ ದಿನ ಎಂದಿದೆ ನೋಡಿಕೊಳ್ಳಿ. 2 ಎಂದಿದ್ದರೆ ಒಂದು ದಿನ ಮೊದಲು ಅಲಾರಾಂ ಇಡಿ, 3 ಎಂದಿದ್ದರೆ ಎರಡು ದಿನ ಮೊದಲು.