ಮಳೆ ಕೈಕೊಟ್ಟ ಸಂಗತಿ

ಇಂಡಿ ತಾಲೂಕಿನ ತರುಣ ಕೃಷಿಕರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು ಎರಡು ಕಾಗದಗಳನ್ನು ಮುಂದಿಟ್ಟರು. ಒಂದು, ಕೊಲ್ಲಿ ನಾಡಿನ ಹಣ್ಣಿನ ವ್ಯಾಪಾರಿಯೊಬ್ಬನಿಗೆ ಅವರು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಇ-ಮೇಲಿನ ಪ್ರತಿ. ಇನ್ನೊಂದು, ಅದಕ್ಕೆ ಬಂದ ಉತ್ತರ. ಆರು ಎಕರೆ ನಿಂಬೆಯ ತೋಟವುಳ್ಳ ಮನೆತನ. ಬೇಸಗೆಯ ಫಸಲು ಗಿಡದ ಮೇಲಿರುವಾಗಲೇ ಹೊರನಾಡಿನ ಗಿರಾಕಿ ದೊರೆತರೆ ದಲಾಲರ ಕೈಯಿಂದ ಒಂದು ವರುಷವಾದರೂ ಪಾರಾಗಬಹುದೆಂಬದು ಅವರ ಆಶೆ. ಉತ್ತರವನ್ನು ಓದಿದ ಮೇಲೆ ಆ ಆಶೆಯು ಅರ್ಧಕ್ಕೆ ಇಳಿದಿತ್ತು.

"ಅಲ್ಲರೀ, ಮಳಿ ಕೈ ಕೊಟ್ಟದ್ದಕ್ಕೇ ದರ ಏರೇದ ಅಂತ ಬರದೀನಿ. ಇವರು ನೋಡಿದ್ರ, ಹಂಗಾದ್ರ ದರ ಇಳಸ್ರಿ ಅಂತಾರ!" ಎಂದು ಅವರು ಬೇಸರಪಟ್ಟುಕೊಂಡರು.

ನಾವು ಉತ್ತರವನ್ನು ಓದಿ ನೋಡಿದೆವು. ವ್ಯಾಪಾರಿಯು ಮರ್ಯಾದಸ್ತನೇ. ಆತನು ನಾಲ್ಕು ಮಾತು ಕೇಳಿದ್ದನು. ತನಗೆ ಬೇಕಾದದ್ದು ಲೈಮು, ತಾವು ಲೆಮನ್ ಎಂದು ಬರೆದಿರುವಿರಲ್ಲ? ತಾವು ಮಾರಬಯಸುವ ನಲವತ್ತು ಡ್ಯಾಗ್ ಎಂದರೆ ನಾಲ್ಕುನೂರು ಗ್ರಾಮೇ? ಮಿಸ್ಟರ್ ಕಾಕಾ ಎಂಬವರು ಕಂಪನಿಯಲ್ಲಿ ಯಾವ ಅಧಿಕಾರದಲ್ಲಿರುವರು? ಕೊನೆಯದು, ಮಳೆಯು ತಮಗೆ ಸಹಾಯ ಮಾಡಿದ್ದನ್ನು ಕೇಳಿ ಸಂತೋಷವಾಯಿತು. ಅಂದ ಮೇಲೆ ದರದಲ್ಲಿ ಸ್ವಲ್ಪ ರಿಯಾಯತಿ ದೊರೆಯಬಹುದೆ?

ನಮ್ಮ ವಾಚಕರಲ್ಲಿ ಹಲವರ ಮನೆಯಿಂದ ಇಂಥ ಪತ್ರಗಳು ಹೊರಗೆ ಹೋಗುತ್ತಿರುವವಾದ್ದರಿಂದ, ಈ ಒಂದು ಪತ್ರವನ್ನು ನಾವಿಬ್ಬರೂ ಕುಳಿತು ತಿದ್ದಿದ ಬಗೆಯನ್ನು ಇಲ್ಲಿ ಸಾವಕಾಶವಾಗಿ ಹೇಳುವೆವು.

ಮೊದಲು ಆ ಕೈಯ ಮಾತು. ನಮ್ಮಲ್ಲಿ ಮಳೆ ಕೈಕೊಟ್ಟಿತೆಂದರೆ ಮಳೆ ಬಾರದೆ ಮೋಸವಾಯಿತೆಂದೇ ಅರ್ಥ. ಅದನ್ನು ಕೂಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಕೈ ಕೊಡುವದೆಂದರೆ ನೆರವಾಗುವದು. ಈ ತರುಣರು 'ಹಸ್ತಾ ರೇನ್ ಗೇವ್ ಅಸ್ ಹ್ಯಾಂಡ್' ಎಂದು ಬರೆದಿದ್ದರು. ಪ್ರತಿಯೊಂದು ಶಬ್ದವೂ ಇಂಗ್ಲಿಷಿನದೇ, ಮೊದಲಿನದೊಂದನ್ನು ಬಿಟ್ಟು. ಆದರೆ ವಾಕ್ಯವು ಕನ್ನಡದ್ದು. ಓದಿದವನಿಗೆ ತಿಳಿದದ್ದು ಬರೆದವನ ಅಭಿಪ್ರಾಯಕ್ಕೆ ಪೂರಾ ಎದುರಾದದ್ದು.

ಇಲ್ಲಿ ಒಂದು ಸೂಕ್ಷ್ಮವುಂಟು. ಪತ್ರ ಬರೆಯುವಾಗ ಕಂಪ್ಯೂಟರಿನ ಪರದೆಯು ತನಗೆ ಗೊತ್ತಿಲ್ಲದ ಶಬ್ದದ ಕೆಳಗೆ ಕೆಂಪು ಗೆರೆ ಎಳೆಯುವದಷ್ಟೆ? 'ಹಸ್ತಾ' ಎಂಬದರ ಕೆಳಗೆ ಗೆರೆ ಬಿದ್ದಿತ್ತಂತೆ. 'ಹ್ಯಾಂಡ್' ಎಂಬದರ ಕೆಳಗೆ ಬೀಳಲಿಲ್ಲ. ತರುಣರು ಗೆರೆಯಿದ್ದ ಶಬ್ದಕ್ಕಾಗಿ ಚಿಂತಿಸಿ, ಗೆರೆಯಿಲ್ಲದ್ದನ್ನು ನಂಬಿ ಬಿಟ್ಟರು. ನಿಜವಾಗಿ ಹಾನಿ ಮಾಡಿದ್ದು ಎರಡನೆಯದು. ತಿಳಿಯದ ಶಬ್ದವು ಬಂದರೆ ಓದುವವನು ನಿಂತು ಕೇಳುವನು. ತಿಳಿದ ಶಬ್ದಗಳಿಂದಲೇ ತಪ್ಪು ಅರ್ಥ ಹೊರಟರೆ ಅವನು ಕೇಳುವ ಗೊಡವೆಗೇ ಹೋಗದೆ, ಆ ಅರ್ಥದ ಮೇಲೆ ವ್ಯವಹಾರ ಹೂಡುವನು. ಆದುದರಿಂದ ತಿದ್ದುವಾಗ ನಾವು ಮೊದಲು ಹುಡುಕಬೇಕಾದದ್ದು ಕನ್ನಡ ಶಬ್ದಗಳನ್ನಲ್ಲ, ಇಂಗ್ಲಿಷ್ ಉಡುಪು ತೊಟ್ಟ ಕನ್ನಡ ನುಡಿಗಟ್ಟುಗಳನ್ನು.

ಅವನ್ನು ಹಿಡಿಯುವದು ಹೇಗೆ? ನಾವು ಆ ತರುಣರಿಗೆ ಪತ್ರವನ್ನು ಬದಿಗಿಡಲು ಹೇಳಿ, ಆದ ಸಂಗತಿಯೇನೆಂದು ಬರಿಯ ಕನ್ನಡದಲ್ಲಿ, ಆದರೆ ಒಂದೂ ನುಡಿಗಟ್ಟು ಬಳಸದೆ, ಹೇಳಿರೆಂದೆವು. ಸ್ವಲ್ಪ ತಡೆದು ಅವರು, "ಸಪ್ಟಂಬರ ಕೊನೆಗೂ ಅಕ್ಟೋಬರ ಮೊದಲಿಗೂ ಮಳೆ ಬರಲಿಲ್ಲ, ಹೂವು ಕಡಿಮೆ ಕಟ್ಟಿತು, ಹಣ್ಣು ಕಡಿಮೆ, ಅದಕ್ಕೆ ದರ ಹೆಚ್ಚು" ಎಂದರು. ಈ ನಾಲ್ಕು ಮಾತುಗಳನ್ನು ಇಂಗ್ಲಿಷಿಗೆ ತರುವದು ಶಾಲೆಯ ಹುಡುಗನಿಗೂ ಕಷ್ಟವಲ್ಲ. ಹೊಸ ಪತ್ರದಲ್ಲಿ 'ದಿ ರೇನ್ಸ್ ಫೇಲ್ಡ್' ಎಂದು ತೊಡಗಿ ಹಾಗೆಯೇ ಬರೆದೆವು. ಗಮನಿಸಿರಿ, 'ಹಸ್ತ' ಎಂಬದೂ ತಾನಾಗಿಯೇ ಹೊರಟುಹೋಯಿತು. ನಮ್ಮ ರೈತರಿಗೆ ಮಳೆಯ ನಕ್ಷತ್ರವೇ ಪಂಚಾಂಗ. ಹೊರಗಿನವನಿಗೆ ತಿಂಗಳ ಹೆಸರೇ ಬೇಕು. ನಿಂಬೆಯವರಾಡುವ 'ಹಸ್ತ ಬಹಾರ'ಕ್ಕೂ ಇದೇ ಉಪಾಯ: ಸಪ್ಟಂಬರ-ಅಕ್ಟೋಬರದಲ್ಲಿ ಹೂಬಿಟ್ಟು ಬೇಸಗೆಗೆ ಕೈಗೆ ಬರುವ ಫಸಲು ಎಂದು ಬರೆದರೆ ಸಾಕು.

ಇನ್ನು ಡಾಗಿನ ಪ್ರಸಂಗ. ನಿಂಬೆಯ ಪೇಟೆಯಲ್ಲಿ ಸಾವಿರ ಹಣ್ಣಿಗೆ ಒಂದು ಡಾಗು. ಪೇಟೆಯ ಎಲ್ಲರೂ ಬಲ್ಲ ಮಾತಾದ್ದರಿಂದ ಅದಕ್ಕೆ ವಿವರಣೆ ಬೇಕೆಂದು ಇವರಿಗೆ ಹೊಳೆಯಲೇ ಇಲ್ಲ. ಅಪರಿಚಿತ ಶಬ್ದ ಬಂದರೆ ಓದುವವನು ನಿಂತು ಕೇಳುವನೆಂದು ನಾವು ಮೇಲೆ ಬರೆದೆವಷ್ಟೆ? ಈ ಶಬ್ದವು ನಮ್ಮ ಆ ಮಾತನ್ನು ಅರ್ಧ ಸುಳ್ಳು ಮಾಡಿತು. ಏಕೆಂದರೆ dag ಎಂಬ ಮೂರು ಅಕ್ಷರಗಳು ಮೆಟ್ರಿಕ್ ಪದ್ಧತಿಯಲ್ಲಿ ಡೆಕಾಗ್ರಾಮಿನ, ಎಂದರೆ ಹತ್ತು ಗ್ರಾಮಿನ, ಗುರುತು. ಆತನ ಗುಮಾಸ್ತನು ಕೋಶದಲ್ಲಿ ನೋಡಿ ಅದನ್ನೇ ಕಂಡಿರಬೇಕು. ನಲವತ್ತು ಸಾವಿರ ಹಣ್ಣು ಅವನ ಲೆಕ್ಕದಲ್ಲಿ ಎಂಟೊಂಬತ್ತು ಹಣ್ಣಾಯಿತು!

ಡಾಗಿಗೆ ಇಂಗ್ಲಿಷಿನಲ್ಲಿ ಪ್ರತಿಶಬ್ದವಿಲ್ಲ; ಹುಡುಕಿ ಫಲವಿಲ್ಲ. ಅಳತೆಯ ಮಾತನ್ನು ಶಬ್ದದಿಂದಲ್ಲ, ತಕ್ಕಡಿಯಿಂದ ಅನುವಾದಿಸಬೇಕು. ತರುಣರು ಮರುದಿನ ಮೂರು ಚೀಲಗಳಿಂದ ನೂರು ನೂರು ಹಣ್ಣು ಎಣಿಸಿ ತೂಗಿದರು: 4.2 ಕಿಲೊ, 4.5 ಕಿಲೊ, 4.5 ಕಿಲೊ. ಮುನ್ನೂರು ಹಣ್ಣಿಗೆ 13.2 ಕಿಲೊ ಆದುದರಿಂದ ಸಾವಿರಕ್ಕೆ 44 ಕಿಲೊ. ನಲವತ್ತು ಡಾಗು ಎಂದರೆ ಸುಮಾರು 1,760 ಕಿಲೊ. ಡಾಗಿಗೆ 3,300 ರೂಪಾಯಿ ಎಂದು ಕೇಳಿದ್ದರು. ಅದು ಕಿಲೊಗೆ 75 ರೂಪಾಯಿಯಾಯಿತು. ಹೊಸ ಪತ್ರದಲ್ಲಿ ಕಿಲೊದ ಲೆಕ್ಕವನ್ನೇ ಕೊಟ್ಟೆವು. ಆದರೆ ಡಾಗನ್ನು ಪೂರ್ತಿಯಾಗಿ ಅಳಿಸಲಿಲ್ಲ. ಪೇಟೆಯ ಪಾವತಿಯಲ್ಲಿ ಅದೇ ಶಬ್ದವಿರುವದು. ನಾಳೆ ಅದರ ಪ್ರತಿಯನ್ನು ಕಳಿಸಿದರೆ ಆತನು ಮತ್ತೆ ಗೊಂದಲಕ್ಕೆ ಬೀಳುವನು. ಆದುದರಿಂದ ಒಂದೇ ಒಂದು ಸಲ, 'ಸ್ಥಳದ ಪಾವತಿಗಳಲ್ಲಿ ಡಾಗ ಎಂದಿರುವದು 1,000 ಹಣ್ಣುಗಳು' ಎಂದು ಬರೆದು ಮುಂದೆ ಸಾಗಿದೆವು.

ಲೆಮನಿನ ತಪ್ಪು ಇವರೊಬ್ಬರದಲ್ಲ. ನಮ್ಮ ದೇಶದ ಇಂಗ್ಲಿಷಿನಲ್ಲಿ ನಿಂಬೆಗೆಲ್ಲ ಲೆಮನ್ ಎನ್ನುವ ರೂಢಿಯಾಗಿದೆ. ಹೊರಗೆ ಲೆಮನ್ ಎಂದರೆ ದಪ್ಪ ಸಿಪ್ಪೆಯ, ತುದಿ ಚೂಪಾದ, ದೊಡ್ಡ ಹಳದಿ ಹಣ್ಣು. ನಮ್ಮ ತೆಳುಸಿಪ್ಪೆಯ ಕಾಗದಿ ನಿಂಬೆಗೆ ಲೈಮ್ ಎಂದೇ ಹೆಸರು. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚನೆಯ ಮನ್ನಣೆ ದೊರೆತಿರುವದರಿಂದ, ಆ ಹೆಸರನ್ನು ನೋಂದಣಿಯಲ್ಲಿದ್ದ ಅಕ್ಷರಗಳಲ್ಲಿಯೇ ಬರೆದು, ಪಕ್ಕದಲ್ಲಿ ಲೈಮ್ ಎಂಬದನ್ನು ಸೇರಿಸಿದೆವು.

ಇದೇ ಜಾತಿಯ ತಪ್ಪನ್ನು ಸಿಂದಗಿಯ ಕಡೆಯಿಂದ ಬಂದ ಪತ್ರವೊಂದರಲ್ಲಿಯೂ ಕಂಡಿದ್ದೆವು: ಬಿಳಿಜೋಳಕ್ಕೆ 'ವೈಟ್ ಕಾರ್ನ್'. ಓದಿದವನು ಅದನ್ನು ಬಿಳಿಯ ಗೋವಿನಜೋಳವೆಂದು ತಿಳಿಯುವನು. ಸಾರ್ಗಮ್ ಎಂದರೆ ಜೋಳವೇ. ಮುದ್ದೇಬಿಹಾಳದ ತೊಗರಿಗೂ 'ತೂರ್' ಎಂದರೆ ಸಾಲದು, ಪಿಜನ್ ಪೀ ಎಂಬದು ಹೊರಗೆ ನಡೆಯುವ ಹೆಸರು.

ಕಾಕಾನ ಮಾತು ನಗೆ ತರಿಸಿತು. ತರುಣರ ತಂದೆಯ ತಮ್ಮಂದಿರೇ ತೂಕವನ್ನೂ ಪೆಟ್ಟಿಗೆ ಕಟ್ಟುವದನ್ನೂ ನೋಡಿಕೊಳ್ಳುವವರು. 'ಕಾಕಾ ವಿಲ್ ಸೀ ಆಲ್' ಎಂದು ಬರೆದಿದ್ದರು. ಅಂಕಲ್ ಎಂದು ತಿದ್ದಿದರೆ ಆಗುವದೇ ಎಂದು ಕೇಳಿದರು. ಆಗದು, ವ್ಯಾಪಾರಿಗೆ ಬೇಕಾದದ್ದು ಸಂಬಂಧವಲ್ಲ, ಹೊಣೆ. ಅವರ ಪೂರ್ಣ ಹೆಸರು, ತೂಕ ಮತ್ತು ಪೆಟ್ಟಿಗೆಗಳ ಕೆಲಸ ಅವರದೆಂಬ ಮಾತು, ದೂರವಾಣಿಯ ಸಂಖ್ಯೆ, ಇಷ್ಟನ್ನು ಬರೆದೆವು. 'ಸೀ' ಎಂಬದೂ ಕನ್ನಡದ ನೋಡಿಕೊಳ್ಳುವದೇ. ಇಂಗ್ಲಿಷಿನಲ್ಲಿ ಅದು ಬರಿಯ ಕಣ್ಣಿನ ನೋಟ. ಮನೆಯಲ್ಲಿ ಅವರು ಕಾಕಾ ಆಗಿಯೇ ಇರಲಿ.

ಇನ್ನೊಂದು ವಾಕ್ಯದಲ್ಲಿ ತೋಟವು ಮಸಾರಿ ನೆಲದ್ದೆಂದು ಬರೆದಿದ್ದರು. ಇದಕ್ಕೆ ಏನೆಂದು ಬರೆಯೋಣವೆಂದು ಇಬ್ಬರೂ ಯೋಚಿಸಿದೆವು. ಕೊನೆಗೆ, ಕೊಳ್ಳುವವನಿಗೆ ನೆಲದಿಂದ ಆಗಬೇಕಾದದ್ದೇನೂ ಇಲ್ಲವೆಂದು ತೋರಿ ವಾಕ್ಯವನ್ನೇ ತೆಗೆದುಹಾಕಿದೆವು. ಕೃಷಿ ಕಾಲೇಜಿಗೆ ಬರೆಯುವ ಪತ್ರವಾಗಿದ್ದರೆ ಅದನ್ನೇ ಮೊದಲು ಇಡುತ್ತಿದ್ದೆವು.

ಊರ ಹೆಸರುಗಳನ್ನು ಮಾತ್ರ ಮುಟ್ಟಬಾರದು, ಆದರೆ ಒಂಟಿಯಾಗಿಯೂ ಬಿಡಬಾರದು. ಪತ್ರದ ತಲೆಯಲ್ಲಿ ಇವರು ಹಳೆಯ ರೂಢಿಯಂತೆ ಬಿಜಾಪುರವೆಂದಷ್ಟೇ ಬರೆದಿದ್ದರು. ನಮ್ಮ ಜಿಲ್ಲೆಗೆ 2014ರಿಂದ ವಿಜಯಪುರವೆಂಬ ಹೆಸರು. ಬಿಜಾಪುರವೆಂಬ ಇನ್ನೊಂದು ಜಿಲ್ಲೆ ಛತ್ತೀಸಗಡದಲ್ಲಿರುವದು. ವಿಜಯಪುರವೆಂದಷ್ಟೇ ಬರೆದರೂ ದೇವನಹಳ್ಳಿಯ ಬಳಿ ಆ ಹೆಸರಿನ ಪಟ್ಟಣವಿದೆ. ಬಸವನ ಬಾಗೇವಾಡಿಯವರು ಬರಿಯ ಬಾಗೇವಾಡಿ ಎಂದು ಬರೆದು ಬೆಳಗಾವಿಯ ಹಿರೇಬಾಗೇವಾಡಿಯೊಡನೆ ಗೊಂದಲ ಮಾಡಿಕೊಳ್ಳುವದೂ ಇದೇ ತರದ್ದು. ಊರು, ತಾಲೂಕು, ಜಿಲ್ಲೆ, ರಾಜ್ಯ, ದೇಶ, ಪಿನ್ ಸಂಖ್ಯೆ, ಇಷ್ಟೂ ಇರಬೇಕು.

ಪತ್ರವು ಸಿದ್ಧವಾದ ಮೇಲೆ ಕಳಿಸುವ ಮುಂಚೆ ಒಂದು ಪರೀಕ್ಷೆಯಾಯಿತು. ನಮ್ಮ ನೆರೆಯಲ್ಲಿ ಬಂಗಾಲದ ಕಡೆಯ ಬ್ಯಾಂಕಿನ ಅಧಿಕಾರಿಯೊಬ್ಬರಿರುವರು. ಅವರಿಗೆ ಕನ್ನಡ ಬಾರದು. ಅವರಿಗೆ ಓದಲು ಕೊಟ್ಟು, ಅರ್ಥವಾಯಿತೇ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೌದೆಂದೇ ಅನ್ನುವರು. ಇವರು ಏನನ್ನು, ಎಷ್ಟನ್ನು, ಯಾವ ದರಕ್ಕೆ, ಯಾವಾಗ ಕೊಡುವರೆಂದು ಹೇಳಿರೆಂದೆವು. ಮೂರನ್ನು ಸರಿಯಾಗಿ ಹೇಳಿದರು. ನಾಲ್ಕನೆಯದಕ್ಕೆ, "ಮೇ 4ಕ್ಕೋ, ಎಪ್ರಿಲ್ 5ಕ್ಕೋ?" ಎಂದು ನಮ್ಮನ್ನೇ ಕೇಳಿದರು. ತಾರೀಖನ್ನು ನಾವು ಬರಿಯ ಅಂಕೆಗಳಲ್ಲಿ ಬರೆದುಬಿಟ್ಟಿದ್ದೆವು! ಎಷ್ಟು ಶಬ್ದಗಳನ್ನು ಜಾಲಾಡಿಸಿದ್ದ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. ತಿಂಗಳ ಹೆಸರನ್ನು ಅಕ್ಷರಗಳಲ್ಲಿ ಬರೆದು ಕಳಿಸಿದೆವು.

ಐದನೆಯ ದಿನ ಉತ್ತರ ಬಂದಿತು. ರಿಯಾಯತಿಯ ಮಾತು ಅದರಲ್ಲಿಲ್ಲ. ಹಣ್ಣಿನ ಅಡ್ಡಳತೆ ಎಷ್ಟು ಮಿಲಿಮೀಟರ್ ಎಂಬದೊಂದೇ ಪ್ರಶ್ನೆ. ತರುಣರು ಅಳೆಯುವ ಸಲುವಾಗಿ ಅದೇ ಸಂಜೆಯ ಬಸ್ಸಿಗೆ ಊರಿಗೆ ಹೊರಟರು.