ಓಟಿಪಿ ಹೇಳದಿದ್ದರೂ ವಾಟ್ಸಾಪ್ ಹೋಗುತ್ತದೆ, ಹೇಗೆ?

'ಓಟಿಪಿ ಯಾರಿಗೂ ಹೇಳಬೇಡಿ' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಾಲ್ ಫಾರ್ವರ್ಡ್ ಮೋಸದಲ್ಲಿ ಆ ಬುದ್ಧಿಮಾತು ಸಾಲದು. ಇಲ್ಲಿ ಓಟಿಪಿಯನ್ನು ಯಾರೂ ಕೇಳುವುದೇ ಇಲ್ಲ.

ಕೂಟಗಲ್ಲಿನ ಒಬ್ಬ ರೇಷ್ಮೆ ಬೆಳೆಗಾರರಿಗೆ ಕರೆ ಬಂತು ಅಂದುಕೊಳ್ಳಿ. 'ಸಾರ್, ನಿಮ್ಮ ಪಾರ್ಸೆಲ್ ಇದೆ, ವಿಳಾಸ ಗೊತ್ತಾಗುತ್ತಿಲ್ಲ. ಡೆಲಿವರಿ ಹುಡುಗನ ನಂಬರ್ ಮೆಸೇಜ್ ಮಾಡಿದ್ದೀನಿ, ಅದಕ್ಕೆ ಹಾಗೇ ಡಯಲ್ ಮಾಡಿ.' ಆ ನಂಬರಿನ ಹಿಂದೆ `*21*` ಅಥವಾ `*401*` ಇರುತ್ತದೆ. ಇವರು ಒತ್ತಿದರು. ಅಷ್ಟೇ, ಇವರಿಗೆ ಬರುವ ಕರೆಗಳೆಲ್ಲ ಆ ಕಳ್ಳನ ಫೋನಿಗೆ ತಿರುಗುತ್ತವೆ.

ಎಸ್ಎಂಎಸ್ ಮಾತ್ರ ತಿರುಗುವುದಿಲ್ಲ, ಅದು ಇವರಿಗೇ ಬರುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಓಟಿಪಿಯನ್ನು ಕರೆ ಮಾಡಿಸಿ ಕೇಳಿಸಿಕೊಳ್ಳಬಹುದು. ಕಳ್ಳ ಅದನ್ನೇ ಆರಿಸುತ್ತಾನೆ. ಆಮೇಲೆ ಇವರ ಹೆಸರಿನಲ್ಲಿ ನೆಂಟರಿಗೆಲ್ಲ 'ಅರ್ಜೆಂಟ್ ದುಡ್ಡು ಬೇಕಿತ್ತು' ಅಂತ ಮೆಸೇಜ್.

ಫೋನ್ ಇದ್ದಕ್ಕಿದ್ದಂತೆ ರಿಂಗ್ ಆಗದಿದ್ದರೆ, 'ನಿಮಗೆ ಮಾಡಿದ್ರೆ ಬೇರೆ ಯಾರೋ ಎತ್ತಿದರು' ಅಂತ ಯಾರಾದರೂ ಹೇಳಿದರೆ, ಹೀಗೆ ನೋಡಿ:

```
*#21#
```

ಪರದೆಯ ಮೇಲೆ 'Not forwarded' ಅಂತ ಬಂದರೆ ಸರಿ. ನಿಮಗೆ ಗೊತ್ತಿಲ್ಲದ ನಂಬರ್ ಕಂಡರೆ ಮೊದಲು ಅದನ್ನು ಬರೆದಿಟ್ಟುಕೊಳ್ಳಿ, ದೂರಿಗೆ ಬೇಕು. ಆಮೇಲೆ ತೆಗೆಯಿರಿ:

```
##002#
```

ಇದು ಎಲ್ಲ ಬಗೆಯ ಫಾರ್ವರ್ಡ್ ತೆಗೆಯುತ್ತದೆ. ಜಿಯೋದಲ್ಲಿ ಓಡದಿದ್ದರೆ `*402` ಒತ್ತಿ ಕರೆ ಮಾಡಿ. ಎರಡು ಸಿಮ್ ಇದ್ದರೆ ಎರಡರಲ್ಲೂ ಮಾಡಿ. ಫಾರ್ವರ್ಡ್ ಕೂತಿರುವುದು ಕಂಪನಿಯ ನೆಟ್‌ವರ್ಕಿನಲ್ಲಿ, ಹಾಗಾಗಿ ಫೋನ್ ಬದಲಿಸಿದರೂ ರೀಸೆಟ್ ಮಾಡಿದರೂ ಹೋಗುವುದಿಲ್ಲ. `*#62#` ಒತ್ತಿ ಯಾವುದೋ ನಂಬರ್ ಕಂಡು ಗಾಬರಿಯಾಗುವವರೂ ಇದ್ದಾರೆ. ಅದು ಫೋನ್ ಆಫ್ ಇದ್ದಾಗಿನ ಫಾರ್ವರ್ಡ್, ಎಷ್ಟೋ ಸಲ ಕಂಪನಿಯದೇ ಮಿಸ್ಡ್ ಕಾಲ್ ಸೇವೆಯ ನಂಬರ್ ಆಗಿರುತ್ತದೆ.

ವಾಟ್ಸಾಪ್ ಆಗಲೇ ಹೋಗಿದ್ದರೆ ಮೊದಲು ಫಾರ್ವರ್ಡ್ ತೆಗೆದು, ಆಮೇಲೆ ವಾಟ್ಸಾಪ್ ಮತ್ತೆ ತೆರೆಯಿರಿ. ಕಳ್ಳ ಅಷ್ಟರಲ್ಲಿ ತನ್ನದೊಂದು ಪಿನ್ ಹಾಕಿದ್ದರೆ 7 ದಿನ ಕಾಯಬೇಕಾದೀತು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ 'Two-step verification' ಪಿನ್ ಇವತ್ತೇ ನೀವೇ ಹಾಕಿಟ್ಟರೆ, ಕರೆ ತಿರುಗಿದರೂ ಕಳ್ಳ ಒಳಗೆ ಬರಲಾರ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನನ್ನ ತಕರಾರು ಬೇರೆ. ಕೇಂದ್ರ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಇಂಥ ಕೋಡ್ ಮೂಲಕ ಫಾರ್ವರ್ಡ್ ಹಾಕುವ ಸೇವೆ ನಿಲ್ಲಿಸಲು ಕಂಪನಿಗಳಿಗೆ ಹೇಳಿತ್ತು. ಆದರೂ ಆಮೇಲೂ ಇದೇ ಮೋಸದ ಎಚ್ಚರಿಕೆಗಳು ಬರುತ್ತಲೇ ಇವೆ. ರೀಚಾರ್ಜ್ ಮುಗಿಯುವ ಮುಂಚೆ ದಿನಕ್ಕೆ ಮೂರು ಮೆಸೇಜ್ ಕಳಿಸುವ ಕಂಪನಿಗೆ, 'ನಿಮ್ಮ ಕರೆಗಳು ಈ ನಂಬರಿಗೆ ತಿರುಗುತ್ತಿವೆ, ಒಪ್ಪಿಗೆಯೇ?' ಅಂತ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿ, ಉತ್ತರ ಬಂದ ಮೇಲೆ ತಿರುಗಿಸಲು ಏನು ಕಷ್ಟ?