ನೀರು ಕುಡಿದರೆ ಚಹಾದ ಕೆಫೀನ್ ಹೊರಗೆ ಹೋಗುತ್ತದೆಯೇ?

‘ಸಂಜೆ ಚಹಾ ಕುಡಿದು ನಿದ್ದೆ ಬರುತ್ತಿಲ್ಲವೇ? ಎರಡು ಲೋಟ ಬಿಸಿನೀರು ಕುಡಿಯಿರಿ, ಕೆಫೀನ್ ಮೂತ್ರದಲ್ಲಿ ಹೊರಟುಹೋಗುತ್ತದೆ.’ ಇಂಥ ಸಲಹೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ನಿಜವೇ ಎಂದು ನೋಡೋಣ.

ಇಲ್ಲ, ಇದು ನಿಜವಲ್ಲ. ನಾವು ಕುಡಿದ ಕೆಫೀನಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಇದ್ದಹಾಗೇ ಮೂತ್ರದಲ್ಲಿ ಹೋಗುತ್ತದೆ. ಉಳಿದದ್ದನ್ನು ಲಿವರ್‌ನಲ್ಲಿರುವ ಕಿಣ್ವಗಳು ಒಡೆದು ಬೇರೆ ವಸ್ತುವಾಗಿ ಮಾರ್ಪಡಿಸಬೇಕು. ನೀರು ಎಷ್ಟೇ ಕುಡಿದರೂ ಲಿವರ್‌ನ ಈ ಕೆಲಸ ಬೇಗ ಆಗುವುದಿಲ್ಲ. ಹೆಚ್ಚೆಂದರೆ ರಾತ್ರಿ ಮೂತ್ರಕ್ಕೆ ಏಳಬೇಕಾಗಿ ನಿದ್ದೆ ಇನ್ನಷ್ಟು ಕೆಡುತ್ತದೆ.

ಹಾಗಾದರೆ ಕೆಫೀನ್ ಖಾಲಿಯಾಗಲು ಎಷ್ಟು ಹೊತ್ತು ಬೇಕು? ಇದನ್ನು ಅಳೆಯಲು ವೈದ್ಯರು ‘ಅರ್ಧಾಯು’ ಎಂಬ ಲೆಕ್ಕ ಬಳಸುತ್ತಾರೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವೇ ಅರ್ಧಾಯು. ಆರೋಗ್ಯವಂತ ವಯಸ್ಕರಲ್ಲಿ ಕೆಫೀನಿನ ಅರ್ಧಾಯು ಸುಮಾರು 5 ಗಂಟೆ. ಇಲ್ಲೇ ಬಹಳ ಜನ ಎಡವುತ್ತಾರೆ. ಐದು ಗಂಟೆಗೆ ಅರ್ಧ ಹೋದರೆ ಹತ್ತು ಗಂಟೆಗೆ ಪೂರ್ತಿ ಹೋಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಮುಂದಿನ ಐದು ಗಂಟೆಯಲ್ಲಿ ಹೋಗುವುದು ಉಳಿದ ಅರ್ಧದ ಅರ್ಧ. 100 ಇದ್ದದ್ದು 50, 25, 12.5, 6 ಹೀಗೆ ಇಳಿಯುತ್ತಾ ಐದನೆಯ ಸಲ 3ರ ಹತ್ತಿರ ಬರುತ್ತದೆ. ಅಲ್ಲಿಗೆ ‘ಬಹುತೇಕ ಖಾಲಿ’ ಎಂದು ಲೆಕ್ಕ. ಅಂದರೆ ಒಂದು ಕಪ್ ಚಹಾ ಮೈಯಿಂದ ಪೂರ್ತಿ ಹೋಗಲು ಸುಮಾರು 25 ಗಂಟೆ, ಒಂದು ದಿನಕ್ಕಿಂತ ಹೆಚ್ಚೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟವರೊಬ್ಬರು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ 6ಕ್ಕೆ ಒಂದೊಂದು ಕಪ್ ಚಾ ಕುಡಿಯುತ್ತಾರೆ ಎನ್ನಿ. ಚಹಾ ಎಷ್ಟು ಗಟ್ಟಿ ಎಂಬುದರ ಮೇಲೆ ಕೆಫೀನ್ ಬದಲಾಗುತ್ತದೆ. ಲೆಕ್ಕಕ್ಕೆ ಕಪ್ಪಿಗೆ 40 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಬೆಳಗಿನ 40 ಮಧ್ಯಾಹ್ನಕ್ಕೆ 20 ಆಗಿರುತ್ತದೆ. ಎರಡನೆಯ ಕಪ್ ಸೇರಿ 60. ಸಂಜೆಗೆ ಅದು 30ಕ್ಕಿಳಿದು, ಮೂರನೆಯ ಕಪ್ ಸೇರಿ 70. ರಾತ್ರಿ 11ಕ್ಕೆ ಮಲಗುವಾಗ ಇನ್ನೂ 35 ಮಿಲಿಗ್ರಾಂ ಇರುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಕಪ್ ಚಾ ಮೈಯಲ್ಲಿ ಇಟ್ಟುಕೊಂಡೇ ಅವರು ಹಾಸಿಗೆಗೆ ಹೋಗುತ್ತಾರೆ. ಬೆಳಿಗ್ಗೆ ಒಂದೇ ಕಪ್ ಕುಡಿದಿದ್ದರೆ ಆ ಹೊತ್ತಿಗೆ ಉಳಿಯುತ್ತಿದ್ದುದು 5 ಮಿಲಿಗ್ರಾಂ ಮಾತ್ರ.

ಆದರೆ 5 ಗಂಟೆ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಲಿವರ್ ಕೆಫೀನನ್ನು ಬೇಗ ಒಡೆಯುತ್ತದೆ. ತುಂಬು ಗರ್ಭಿಣಿಯಲ್ಲಿ ಅರ್ಧಾಯು ಸುಮಾರು 15 ಗಂಟೆಯವರೆಗೂ ಹೋಗುತ್ತದೆ. ಅದೇ ಮೂರು ಕಪ್ಪನ್ನು ಅದೇ ಹೊತ್ತಿಗೆ ಬಸವಕಲ್ಯಾಣದ ತುಂಬು ಗರ್ಭಿಣಿಯೊಬ್ಬರು ಕುಡಿದರೆ, ರಾತ್ರಿ 11ಕ್ಕೆ ಅವರಲ್ಲಿ ಉಳಿಯುವುದು ಸುಮಾರು 77 ಮಿಲಿಗ್ರಾಂ. ಅಂಗಡಿಯವರಲ್ಲಿ ಉಳಿದದ್ದರ ಎರಡರಷ್ಟಕ್ಕೂ ಹೆಚ್ಚು. ಜೊತೆಗೆ ಕೆಫೀನ್ ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಿ ಸೇವಿಸುವ ಗರ್ಭಿಣಿಯರು ಅದನ್ನು ಕಡಿಮೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಇದೇ ಲೆಕ್ಕ ಮಾತ್ರೆಗೂ ಅನ್ವಯಿಸುತ್ತದೆ. ನೆಗಡಿ, ಅಲರ್ಜಿಗೆ ಕೊಡುವ ಸೆಟಿರಿಜಿನ್ ಮಾತ್ರೆಯ ಅರ್ಧಾಯು ಸುಮಾರು 8 ಗಂಟೆ. ರಾತ್ರಿ 10ಕ್ಕೆ 10 ಮಿಲಿಗ್ರಾಂ ಮಾತ್ರೆ ನುಂಗಿದ ಚಾಲಕರು ಬೆಳಿಗ್ಗೆ 6ಕ್ಕೆ ಹೈದರಾಬಾದ್ ಹೆದ್ದಾರಿ ಹಿಡಿದಾಗ 5 ಮಿಲಿಗ್ರಾಂ ಇನ್ನೂ ಮೈಯಲ್ಲಿರುತ್ತದೆ. ಕೆಲವರಿಗೆ ಈ ಮಾತ್ರೆ ತೂಕಡಿಕೆ ತರುತ್ತದೆ. ‘ನಿನ್ನೆ ರಾತ್ರಿ ತಾನೇ ತಗೊಂಡಿದ್ದು’ ಎಂದು ಸುಮ್ಮನಿರುವಂತಿಲ್ಲ. ಕೆಫೀನಿನಂತಲ್ಲದೆ ಈ ಮಾತ್ರೆಯ ಬಹುಪಾಲು ಕಿಡ್ನಿಯ ಮೂಲಕ ಹೊರಹೋಗುತ್ತದೆ. ಹೀಗಾಗಿ ಕಿಡ್ನಿ ತೊಂದರೆ ಇದ್ದವರಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ.

ಒಂದು ಎಚ್ಚರಿಕೆ. ಅರ್ಧಾಯು ಹೇಳುವುದು ಎಷ್ಟು ಉಳಿದಿದೆ ಎಂಬುದನ್ನು ಮಾತ್ರ. ಮುಂದಿನ ಮಾತ್ರೆ ಯಾವಾಗ ಎಂಬುದನ್ನು ಅದು ಹೇಳುವುದಿಲ್ಲ. ಪ್ಯಾರಾಸಿಟಮಾಲ್‌ನ ಅರ್ಧಾಯು 2-3 ಗಂಟೆ ಎಂದು ಮೂರು ಗಂಟೆಗೊಂದು ನುಂಗಿದರೆ ದಿನದ ಮಿತಿ ಮೀರಿ ಲಿವರ್‌ಗೇ ಪೆಟ್ಟು ಬೀಳಬಹುದು. ಮಾತ್ರೆಯ ಹೊತ್ತು ವೈದ್ಯರು ಹೇಳಿದಂತೆಯೇ ಇರಲಿ.

ಚಹಾದ ಹೊತ್ತನ್ನು ಮಾತ್ರ ನೀವೇ ಬದಲಿಸಬಹುದು. ಮೇಲಿನ ಅಂಗಡಿಯವರು ಸಂಜೆಯ ಕಪ್ ಒಂದನ್ನು ಬಿಟ್ಟರೆ ಸಾಕು, ರಾತ್ರಿ 11ರ 35 ಮಿಲಿಗ್ರಾಂ 15ಕ್ಕೆ ಇಳಿಯುತ್ತದೆ. ಬಿಸಿನೀರಿನ ಫಾರ್ವರ್ಡ್ ಮತ್ತೆ ಬಂದರೆ ಕಳಿಸಿದವರಿಗೆ ಈ ಲೆಕ್ಕ ತಿಳಿಸಿ.